ಫೋನಿನಲ್ಲಿ ಓದುವ ಇಮೇಲ್: ತೀರ್ಮಾನ ಮೊದಲೋ, ಹಿನ್ನೆಲೆ ಮೊದಲೋ?

ಸೊರಬ, ಶಿಕಾರಿಪುರ ಕಡೆಯ ಎಷ್ಟೋ ಮನೆಗಳಲ್ಲಿ ಪಹಣಿ ಅಪ್ಪನ ಹೆಸರಿನಲ್ಲಿರುತ್ತದೆ, ಸಹಕಾರ ಸಂಘದ ಷೇರು ಅಪ್ಪನದೇ, ಅರ್ಜಿಯಲ್ಲಿ ಬರೆದುಕೊಟ್ಟ ಮೇಲ್ ಐಡಿ ಮಾತ್ರ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳದು. ಬ್ಯಾಂಕಿನಿಂದಲೋ ಸಂಘದಿಂದಲೋ ಬಂದ ಪತ್ರವನ್ನು ಅವಳು ಬಸ್ಸಿನಲ್ಲಿ ನಿಂತುಕೊಂಡು ಫೋನಿನಲ್ಲಿ ನೋಡುತ್ತಾಳೆ. ಸಂಜೆ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳುತ್ತಾಳೆ. ಹೀಗಾಗಿ ಆ ಪತ್ರಕ್ಕೆ ಓದುಗರು ಇಬ್ಬರು: ಅರ್ಧ ನಿಮಿಷದಲ್ಲಿ ಕಣ್ಣಾಡಿಸುವವಳು ಒಬ್ಬಳು, ಅವಳ ಬಾಯಿಂದ ಕೇಳುವವರು ಇನ್ನೊಬ್ಬರು. ಹೊಲಕ್ಕೆ ಸಂಬಂಧಿಸಿದ ತೀರ್ಮಾನ ಇರುವುದು ಕೇಳುವವರ ಕೈಯಲ್ಲಿ.

ಇಂಥ ಪತ್ರವನ್ನು ಹೇಗೆ ಕಟ್ಟಬೇಕು ಎಂಬುದಕ್ಕೆ ಇವತ್ತು ಎಲ್ಲ ತರಬೇತಿಗಳಲ್ಲೂ ಒಂದೇ ಉತ್ತರ ಕೇಳಿಬರುತ್ತದೆ. ಮುಖ್ಯ ಮಾತನ್ನು ಮೊದಲ ಸಾಲಿನಲ್ಲೇ ಹೇಳಿ, ಪ್ಯಾರಾಗಳನ್ನು ಚಿಕ್ಕದಾಗಿಡಿ. ಸಲಹೆ ಸರಳ, ಆದರೆ ಅದರ ಹಿಂದಿರುವ ಚರ್ಚೆ ಅಷ್ಟು ಸರಳವಲ್ಲ. ಅದನ್ನು ಒಪ್ಪುವವರು ಬೇರೆ ಬೇರೆ ಕಾರಣಕ್ಕೆ ಒಪ್ಪುತ್ತಾರೆ, ಒಪ್ಪದವರಿಗೂ ಗಟ್ಟಿಯಾದ ಕಾರಣಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಸಲಹೆ ಹುಟ್ಟಿದ್ದು ಇಂಗ್ಲಿಷಿನಲ್ಲಿ. ಕನ್ನಡದ ವಾಕ್ಯಕ್ಕೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ನಮ್ಮಲ್ಲಿ ಯಾರೂ ಸಾವಧಾನವಾಗಿ ಕೇಳಿಕೊಂಡಂತಿಲ್ಲ.

ಕಲ್ಲಿನಿಂದ ಕಡತಕ್ಕೆ

ಮುಖ್ಯ ವಿಷಯವನ್ನು ಕೊನೆಗಿಡುವ ರೂಢಿಗೆ ಈ ನೆಲದಲ್ಲಿ ಆಳವಾದ ಬೇರಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಮೇಲೆ ಐದನೆಯ ಶತಮಾನದ ಒಂದು ಸಂಸ್ಕೃತ ಶಾಸನವಿದೆ. ಕುಬ್ಜನೆಂಬ ಕವಿಯ ರಚನೆ ಅದು. ಶಿವನ ಸ್ತುತಿಯಿಂದ ಶುರುವಾಗಿ, ಮಯೂರಶರ್ಮ ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು, ಅವನ ನಂತರದ ಅರಸರು, ಹೀಗೆ ಸಾಗುತ್ತದೆ. ಶಾಸನಕ್ಕೆ ನಿಮಿತ್ತವಾದ ಸಂಗತಿ, ಅಂದರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದು, ಸಿಗುವುದು ಕೊನೆಯ ಹತ್ತಿರ. ಬಳ್ಳಿಗಾವೆಯ, ಸೊರಬದ ಕನ್ನಡ ದಾನಶಾಸನಗಳಲ್ಲೂ ಸಾಮಾನ್ಯವಾಗಿ ಇದೇ ಕ್ರಮ: ದೇವರು, ದೊರೆ, ಅವನ ಬಿರುದುಗಳು, ಕಾಲ, ಆಮೇಲೆ ದಾನ, ಕಡೆಗೆ ಶಾಪಾಶಯ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳನ್ನೂ ಎಂಟನೇ ಸಂಪುಟದಲ್ಲಿ (1904) ಸೊರಬದವನ್ನೂ ಪ್ರಕಟಿಸಿದರು. ಆ ಸಂಪುಟಗಳನ್ನು ಬಿಡಿಸಿ ಕೂತವರಿಗೆ ಈ ಕ್ರಮ ಎಷ್ಟು ಗಟ್ಟಿಯಾದದ್ದೆಂದು ತಿಳಿಯುತ್ತದೆ.

ಇದಕ್ಕೆ ಕಾರಣವೂ ಇತ್ತು. ಕಲ್ಲು ನಿಂತಲ್ಲೇ ನಿಂತಿರುತ್ತದೆ, ಓದುವವನಿಗೆ ಅವಸರವಿಲ್ಲ. ದಾನಕ್ಕೆ ಬಲ ಬರುವುದು ಕೊಟ್ಟವನು ಯಾರು, ಯಾವ ಅಧಿಕಾರದಿಂದ ಕೊಟ್ಟ ಎಂಬುದರಿಂದ. ಹಾಗಾಗಿ ಅದು ಮೊದಲು ಬರಲೇಬೇಕು.

ಮನೆಯ ಕಾಗದಗಳಲ್ಲೂ ಇದೇ ರೀತಿಯ ನಡೆಯಿತ್ತು. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ, ಇತ್ತ ಕಡೆ ಎಲ್ಲರೂ ಕ್ಷೇಮ, ಅತ್ತ ಕಡೆಯ ಕ್ಷೇಮಕ್ಕೆ ಪತ್ರ ಬರೆಯುವುದು, ತರುವಾಯ. ಆ ‘ತರುವಾಯ’ದ ನಂತರವೇ ಸುದ್ದಿ. ಆದರೆ ಅದೇ ಮನೆಯವರು ತಂತಿ ಕೊಡುವಾಗ ಕುಶಲೋಪರಿಯನ್ನು ಪೂರ್ತಿ ಬಿಡುತ್ತಿದ್ದರು. ಪದಕ್ಕಿಷ್ಟು ಎಂದು ದುಡ್ಡು ಕಟ್ಟಬೇಕಿದ್ದಾಗ ಯಾರಿಗೆ ಏನಾಗಿದೆ, ಏನು ಮಾಡಬೇಕು ಎಂಬುದಷ್ಟೇ ಉಳಿಯುತ್ತಿತ್ತು. 2013ರ ಜುಲೈನಲ್ಲಿ ತಂತಿ ಸೇವೆ ನಿಂತುಹೋಗುವವರೆಗೂ ಈ ಎರಡು ಕಟ್ಟಣೆಗಳು ಒಂದೇ ಕೈಯಿಂದ ಹೊರಡುತ್ತಿದ್ದವು. ಸುತ್ತಿ ಬಳಸಿ ಹೇಳುವುದು ನಮ್ಮ ಸ್ವಭಾವ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಮಾಧ್ಯಮ ಬದಲಾದಾಗ ನಮ್ಮವರು ಕ್ರಮವನ್ನೂ ಬದಲಾಯಿಸಿಕೊಂಡಿದ್ದಾರೆ.

ಮೂರನೆಯದು ಕಚೇರಿಯ ಪತ್ರ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಉಲ್ಲೇಖ, ಆಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’. ಇದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ‘ವಿಷಯ’ ಎಂಬ ಸಾಲು ಮೇಲೇ ಇರುವುದರಿಂದ ಮುಖ್ಯ ಮಾತು ಮೊದಲೇ ಬಂದಂತೆ ಕಾಣುತ್ತದೆ. ಆದರೆ ಆ ಸಾಲು ಮುಗಿಯುವುದು ಬಹುಮಟ್ಟಿಗೆ ‘ಕುರಿತು’ ಅಥವಾ ‘ಬಗ್ಗೆ’ ಎಂದು. ಪತ್ರ ಯಾವುದಕ್ಕೆ ಸಂಬಂಧಿಸಿದ್ದೆಂದು ತಿಳಿಯುತ್ತದೆ, ಏನಾಯಿತೆಂದು ತಿಳಿಯುವುದಿಲ್ಲ. ಕಡತದ ಮೇಲೆ ಬರೆಯುವ ಹೆಸರಾಗಿ ಅದು ಸಾಕು, ಫೋನಿನಲ್ಲಿ ನೋಡುವವಳಿಗೆ ಸಾಲದು.

ಫೋನಿನ ಪರದೆ ಮಾಡುವ ಬದಲಾವಣೆ

ಎ4 ಹಾಳೆಯ ಅಗಲ 210 ಮಿಲಿಮೀಟರ್. ಸಾಮಾನ್ಯ ಫೋನಿನ ಪರದೆಯ ಅಗಲ 70ರ ಆಸುಪಾಸು. ಹಾಳೆಯ ಮೇಲೆ 12 ಪಾಯಿಂಟಿನಲ್ಲಿ ಟೈಪಾದ ಪತ್ರವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಕಳಿಸಿದರೆ, ಫೋನಿನಲ್ಲಿ ಅದು ಮೂರನೇ ಒಂದರಷ್ಟಾಗಿ 4 ಪಾಯಿಂಟಿಗೆ ಇಳಿಯುತ್ತದೆ. ಆ ಗಾತ್ರದಲ್ಲಿ ಕನ್ನಡದ ಒತ್ತಕ್ಷರಗಳನ್ನು ಗುರುತಿಸುವುದು ಆಗದ ಮಾತು. ಎರಡು ಬೆರಳಿನಿಂದ ಹಿಗ್ಗಿಸಬೇಕು, ಹಿಗ್ಗಿಸಿದ ಮೇಲೆ ಪ್ರತಿ ಸಾಲಿಗೂ ಬಲಕ್ಕೆ ಎಳೆದು ಮತ್ತೆ ಎಡಕ್ಕೆ ತರಬೇಕು. ಮಲೆನಾಡಿನ ಹಳ್ಳಿಗಳಲ್ಲಿ ಇನ್ನೊಂದು ತೊಡಕೂ ಇದೆ. ನೆಟ್‌ವರ್ಕ್ ದುರ್ಬಲವಾಗಿದ್ದಾಗ ಮೇಲಿನ ಅಕ್ಷರಗಳು ಬಂದುಬಿಡುತ್ತವೆ, ಲಗತ್ತು ತೆರೆಯುವುದಿಲ್ಲ. ‘ಲಗತ್ತಿಸಿದ ಪತ್ರವನ್ನು ನೋಡುವುದು’ ಎಂಬ ಒಂದೇ ಸಾಲಿನ ಮೇಲ್ ಅಂಥ ಕಡೆ ಏನನ್ನೂ ಹೇಳಿದಂತಾಗಲಿಲ್ಲ.

ಲಗತ್ತಿನ ಈ ರೂಢಿಗೆ ಒಂದು ತಾಂತ್ರಿಕ ಹಿನ್ನೆಲೆಯೂ ಇದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಮೇಲಿಗೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಗುರುತುಗಳು ಮೂಡುತ್ತಿದ್ದವು. ಹಾಗಾಗಿ ಪಿಡಿಎಫ್ ಮಾಡಿ ಲಗತ್ತಿಸುವುದೇ ಕ್ಷೇಮ ಎಂದಾಯಿತು. ಈಗ ಆ ಕಾರಣ ಉಳಿದಿಲ್ಲ, ಅಭ್ಯಾಸ ಉಳಿದಿದೆ.

ಪತ್ರವನ್ನು ಮೇಲಿನ ಒಡಲಿನಲ್ಲೇ ಬರೆದರೂ ಪರದೆ ತನ್ನ ಲೆಕ್ಕ ಬಿಡುವುದಿಲ್ಲ. ಹಾಳೆಯಲ್ಲಿ ಸಾಲಿಗೆ ಹತ್ತು ಹನ್ನೆರಡು ಪದ ಹಿಡಿದರೆ ಫೋನಿನಲ್ಲಿ ನಾಲ್ಕೈದು. ಹಾಳೆಯ ಮೇಲೆ ಆರು ಸಾಲಿನಲ್ಲಿ ಚೊಕ್ಕವಾಗಿ ಕೂತ 60 ಪದಗಳ ಪ್ಯಾರಾ ಇಲ್ಲಿ ಹದಿನೈದು ಸಾಲಾಗಿ ಪರದೆಯ ಬಹುಭಾಗವನ್ನು ತುಂಬುತ್ತದೆ. ಚಿಕ್ಕ ಪ್ಯಾರಾ ಬೇಕೆನ್ನುವುದಕ್ಕೆ ನಿಜವಾದ ಕಾರಣ ಇದು. ಬೆರಳಿನಿಂದ ಮೇಲೆ ಸರಿಸುವಾಗ ಕಣ್ಣಿಗೆ ಬಿಡುವು ಸಿಗುವ ಜಾಗವಿಲ್ಲದಿದ್ದರೆ ಎಲ್ಲಿ ಓದುತ್ತಿದ್ದೆ ಎಂಬುದೇ ತಪ್ಪಿಹೋಗುತ್ತದೆ. ‘ಇವರಿಂದ’, ‘ಇವರಿಗೆ’ ವಿಳಾಸಗಳನ್ನು ಸ್ಪೇಸ್ ಒತ್ತಿ ಒತ್ತಿ ಬಲಕ್ಕೆ ತಳ್ಳಿದ್ದರೆ ಅವು ಮುರಿದು ಎಡಕ್ಕೂ ಬಲಕ್ಕೂ ಚೆಲ್ಲಾಡುತ್ತವೆ. ವಿಳಾಸ, ವಿಷಯ, ಉಲ್ಲೇಖ ಮುಗಿಯುವಷ್ಟರಲ್ಲಿ ಮೊದಲ ಪರದೆಯೇ ಮುಗಿದಿರುತ್ತದೆ.

ಇನ್ನೂ ಮುಂಚಿನ ಒಂದು ಹಂತವಿದೆ: ಮೇಲ್ ತೆರೆಯುವ ಮೊದಲೇ ಪಟ್ಟಿಯಲ್ಲಿ ಕಾಣುವ ಮೂರು ತುಣುಕುಗಳು. ಕಳಿಸಿದವರ ಹೆಸರು, ವಿಷಯದ ಸಾಲಿನ ಮುಂಭಾಗ, ಒಡಲಿನ ಮೊದಲ ಕೆಲವು ಪದಗಳು. ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಎಂದು ಶುರುವಾಗುವ ಪತ್ರದಲ್ಲಿ ಆ ಮೂರನೇ ತುಣುಕು ಪೂರ್ತಿ ಇದಕ್ಕೇ ಖರ್ಚಾಗುತ್ತದೆ. ಹತ್ತು ಕಚೇರಿಗಳ ಹತ್ತು ಪತ್ರಗಳು ಪಟ್ಟಿಯಲ್ಲಿ ಒಂದೇ ರೀತಿ ಕಾಣುತ್ತವೆ.

ಚಿಕ್ಕ ಪರದೆಯಲ್ಲಿ ಓದಿದ್ದು ಅರ್ಥವಾಗುವುದೂ ಕಡಿಮೆಯೇ ಎಂಬುದರ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಗೋಪ್ಯತಾ ನೀತಿಯ ಕಠಿಣ ಪಠ್ಯಗಳನ್ನು ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ ಫೋನಿನಷ್ಟು ಪರದೆಯಲ್ಲಿ ಓದಿದವರ ಅಂಕ ದೊಡ್ಡ ಪರದೆಯವರ ಅಂಕದ ಶೇ. 48ರಷ್ಟು ಮಾತ್ರ ಬಂದಿತ್ತು. 2011ರಲ್ಲಿ ಇದನ್ನು ಜನಪ್ರಿಯಗೊಳಿಸಿದ ನೀಲ್ಸನ್ ನಾರ್ಮನ್ ಸಂಸ್ಥೆಯೇ 2016ರಲ್ಲಿ ತಾನೇ ಪರೀಕ್ಷೆ ನಡೆಸಿ, ಗ್ರಹಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಕಠಿಣ ಪಠ್ಯವನ್ನು ಫೋನಿನಲ್ಲಿ ಓದಲು ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೇ ಎಂದು ಕಂಡುಕೊಂಡಿತು. ನನಗೆ ಎರಡನೆಯದು ಹೆಚ್ಚು ನಂಬುವಂತೆ ತೋರುತ್ತದೆ. ಅದು ನಿಜವಾದರೆ ಫೋನಿನ ಓದುಗರಿಗೆ ಬುದ್ಧಿ ಕಡಿಮೆಯಾಗುವುದಿಲ್ಲ, ಹೊತ್ತು ಕಡಿಮೆಯಿರುತ್ತದೆ. ಪತ್ರವನ್ನು ಪೇಲವ ಮಾಡುವ ಅಗತ್ಯವಿಲ್ಲ, ಕ್ರಮವನ್ನು ಸರಿಮಾಡಿದರೆ ಸಾಕು.

ತೀರ್ಮಾನ ಮೊದಲು ಎನ್ನುವವರು

ಈ ಪಂಥಕ್ಕೆ ಹಲವು ತವರುಗಳು. ಪತ್ರಿಕೆಯವರ ತಲೆಕೆಳಗಾದ ಪಿರಮಿಡ್ ಒಂದು: ಮುಖ್ಯ ಸುದ್ದಿ ಮೇಲೆ, ವಿವರ ಕೆಳಗೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ತಂತಿ ಯಾವಾಗ ಕಡಿಯುವುದೋ ಎಂಬ ಭಯದಿಂದ ಇದು ಹುಟ್ಟಿತು ಎಂಬ ಕತೆ ಪ್ರಸಿದ್ಧ. ಆದರೆ ಪತ್ರಿಕಾ ಇತಿಹಾಸಕಾರರಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ, ರೂಢಿಯಾದದ್ದು ಆಮೇಲೆ ಎನ್ನುತ್ತಾರೆ. ಎರಡನೆಯ ತವರು ಅಮೆರಿಕದ ಸೇನೆ. ಅದರ ಪತ್ರವ್ಯವಹಾರ ನಿಯಮಾವಳಿ ಮುಖ್ಯ ಅಂಶವನ್ನು ಪತ್ರದ ಆರಂಭದಲ್ಲೇ ಇಡಬೇಕೆಂದು ಹೇಳುತ್ತದೆ. ಮೂರನೆಯದು ಮೆಕಿನ್ಸಿ ಸಲಹಾ ಸಂಸ್ಥೆಯಲ್ಲಿದ್ದ ಬಾರ್ಬರಾ ಮಿಂಟೋ ರೂಪಿಸಿದ ಪಿರಮಿಡ್ ತತ್ವ. ಉತ್ತರ ಮೊದಲು, ಅದನ್ನು ಹೊತ್ತು ನಿಲ್ಲುವ ಕಾರಣಗಳು ಕೆಳಗೆ.

ಇವರೆಲ್ಲರ ವಾದದ ತಿರುಳು ಒಂದೇ. ತೀರ್ಮಾನ ಗೊತ್ತಿದ್ದರೆ ಮುಂದಿನ ವಿವರಗಳನ್ನು ಎಲ್ಲಿ ಜೋಡಿಸಿಕೊಳ್ಳಬೇಕೆಂದು ಓದುಗರಿಗೆ ತಿಳಿಯುತ್ತದೆ, ಗೊತ್ತಿಲ್ಲದಿದ್ದರೆ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡೇ ಕೊನೆಯವರೆಗೆ ನಡೆಯಬೇಕು. ಓದು ಮಧ್ಯದಲ್ಲಿ ನಿಂತರೂ ನಷ್ಟ ಕಡಿಮೆ.

ಚಿಕ್ಕದಾಗಿ ಬರೆದರೆ ಉತ್ತರ ಹೆಚ್ಚು ಬರುತ್ತದೆ ಎಂಬುದಕ್ಕೆ ಪ್ರಯೋಗದ ಬೆಂಬಲವೂ ಇದೆ. ಟಾಡ್ ರಾಜರ್ಸ್ ಮತ್ತು ಜೆಸ್ಸಿಕಾ ಲಾಸ್ಕಿ ಫಿಂಕ್ ಅಮೆರಿಕದ ಸುಮಾರು 7,000 ಶಾಲಾ ಮಂಡಳಿ ಸದಸ್ಯರಿಗೆ ಒಂದು ಸಮೀಕ್ಷೆಯ ಮೇಲ್ ಕಳಿಸಿದರು. 127 ಪದಗಳ ಪತ್ರಕ್ಕೆ ಶೇ. 2.7ರಷ್ಟು ಮಂದಿ ಸ್ಪಂದಿಸಿದರೆ, ಅದನ್ನೇ 49 ಪದಗಳಿಗೆ ಇಳಿಸಿದ ಪತ್ರಕ್ಕೆ ಶೇ. 4.8ರಷ್ಟು ಮಂದಿ ಸ್ಪಂದಿಸಿದರು. ಪ್ರಯೋಗ ಅಳೆದದ್ದು ಉದ್ದವನ್ನು, ಕ್ರಮವನ್ನಲ್ಲ ಎಂಬುದನ್ನು ಮರೆಯಬಾರದು. ಈ ಎರಡನ್ನೂ ಒಂದೇ ಸಲಹೆಯಾಗಿ ಕಟ್ಟಿಕೊಡುವುದು ತರಬೇತಿಯವರ ರೂಢಿ, ಸಾಕ್ಷ್ಯ ಹಾಗೆ ಕಟ್ಟಿಕೊಟ್ಟಿಲ್ಲ.

ಹಿನ್ನೆಲೆ ಮೊದಲು ಎನ್ನುವವರು

ಎದುರು ಪಕ್ಷದವರಲ್ಲಿ ಮುಖ್ಯರಾದವರು ಭಾಷಾ ಬಳಕೆಯ ಅಧ್ಯಯನಕಾರರು. ಆಂಡಿ ಕರ್ಕ್‌ಪ್ಯಾಟ್ರಿಕ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೀನಾದ ಕೇಳುಗರು ರೇಡಿಯೊ ಆಸ್ಟ್ರೇಲಿಯಾಕ್ಕೆ ಬರೆದ ಕೋರಿಕೆಯ ಪತ್ರಗಳನ್ನು ನೋಡಿದರು. ಅವುಗಳಲ್ಲಿ ಮೊದಲು ಗೌರವದ ಮಾತು, ಆಮೇಲೆ ಕಾರಣ, ಕೊನೆಗೆ ಕೋರಿಕೆ. ಅಲ್ಲಿನವರಿಗೆ ಇದೇ ಸಹಜ ಕ್ರಮ, ತಿರುಗಿಸಿದರೆ ಒರಟಾಗಿ ಕೇಳುತ್ತದೆ. ನಮ್ಮ ಅರ್ಜಿಯ ಕ್ರಮವೂ ಇದರ ಅಚ್ಚೇ: ವಂದನೆ, ಪರಿಸ್ಥಿತಿ, ‘ಆದ್ದರಿಂದ ದಯಮಾಡಿ’. ಸಂಘದ ಕಾರ್ಯದರ್ಶಿಗೆ ಸದಸ್ಯರೊಬ್ಬರು ಬರೆಯುವಾಗ ಮೊದಲ ಸಾಲಿನಲ್ಲೇ ‘ನನ್ನ ಸಾಲದ ಕಂತನ್ನು ಮುಂದೂಡಿ’ ಎಂದರೆ ಅಪ್ಪಣೆ ಮಾಡಿದಂತಾಗುತ್ತದೆ. ಕೊಳೆರೋಗಕ್ಕೆ ಅಡಿಕೆ ಉದುರಿದ್ದನ್ನು ಹೇಳಿ ಆಮೇಲೆ ಕೇಳಿದರೆ ಕೋರಿಕೆ ತಾನಾಗಿ ಬಂದಂತೆ ಇರುತ್ತದೆ.

ಈ ಪಂಥದ ಎರಡನೆಯ ನೆಲೆ ಕೆಟ್ಟ ಸುದ್ದಿ. ‘ಇಲ್ಲ’ ಎನ್ನುವ ಮೊದಲು ಒಂದು ಮೆತ್ತನೆಯ ಪ್ಯಾರಾ ಇಡಬೇಕೆಂದು ವ್ಯವಹಾರ ಪತ್ರಲೇಖನದ ಪಠ್ಯಪುಸ್ತಕಗಳು ಬಹುಕಾಲ ಕಲಿಸಿವೆ. ಕಿಟ್ಟಿ ಲಾಕರ್ 1999ರಲ್ಲಿ ಇದನ್ನು ಪರೀಕ್ಷಿಸಿದರು. ಸಾಲ ನಿರಾಕರಿಸುವ, ಪ್ರವೇಶ ನಿರಾಕರಿಸುವ ಪತ್ರಗಳನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟಾಗ, ಮೆತ್ತನೆಯ ಆರಂಭ ಇದ್ದರೂ ಇಲ್ಲದಿದ್ದರೂ ಅವರ ಪ್ರತಿಕ್ರಿಯೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಪ್ಪುವಂಥ ಕಾರಣವಿದ್ದರೆ ಅದನ್ನು ಕೊಡಬೇಕೆಂಬುದು ಅವರ ಸಲಹೆಯಾಗಿತ್ತು.

ಈ ಫಲಿತಾಂಶವನ್ನು ನಾನು ಹೀಗೆ ಓದುತ್ತೇನೆ: ಗೌರವ ಇರುವುದು ಕಾರಣ ತಿಳಿಸುವುದರಲ್ಲಿ, ಸುದ್ದಿಯನ್ನು ತಡಮಾಡುವುದರಲ್ಲಲ್ಲ. ಆದರೆ ಕೆಳಗಿನವರು ಮೇಲಿನವರಿಗೆ ಬರೆಯುವ ಪತ್ರಕ್ಕೂ ಮೇಲಿನವರು ಕೆಳಗಿನವರಿಗೆ ಬರೆಯುವ ಪತ್ರಕ್ಕೂ ಒಂದೇ ನಿಯಮ ಹಾಕುವುದು ತಪ್ಪು. ಕಚೇರಿಯಿಂದ ರೈತರಿಗೆ ಹೋಗುವ ಪತ್ರದಲ್ಲಿ ತೀರ್ಮಾನ ಮೊದಲು ಬರಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ರೈತರು ಕಚೇರಿಗೆ ಬರೆಯುವ ಕೋರಿಕೆಯಲ್ಲಿ ಒಂದೆರಡು ಸಾಲಿನ ಕಾರಣ ಮುಂದೆ ಬಂದರೆ ಯಾರಿಗೂ ನಷ್ಟವಿಲ್ಲ, ವಿಷಯದ ಸಾಲಿನಲ್ಲಿ ಕೋರಿಕೆ ಸ್ಪಷ್ಟವಾಗಿದ್ದರೆ ಸಾಕು.

ಕಡತದ ಕಡೆಯವರು

ಮೂರನೆಯ ಪಂಥಕ್ಕೆ ಪುಸ್ತಕಗಳಿಲ್ಲ, ಆದರೆ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಅನುಯಾಯಿಗಳಿದ್ದಾರೆ. ಅವರ ಮಾತು ಹೀಗೆ: ಪತ್ರವನ್ನು ಇವತ್ತು ಓದುವವರಿಗಾಗಿ ಮಾತ್ರ ಬರೆಯುವುದಲ್ಲ. ಐದು ವರ್ಷದ ನಂತರ ಲೆಕ್ಕ ಪರಿಶೋಧಕರು ನೋಡುತ್ತಾರೆ, ಮಾಹಿತಿ ಹಕ್ಕಿನಡಿ ಯಾರೋ ನಕಲು ಕೇಳುತ್ತಾರೆ, ನ್ಯಾಯಾಲಯಕ್ಕೆ ಹೋಗಬಹುದು. ಯಾವ ಆದೇಶದ ಮೇರೆಗೆ, ಯಾವ ಪತ್ರಕ್ಕೆ ಉತ್ತರವಾಗಿ, ಯಾವ ದಿನಾಂಕದಂದು ಎಂಬುದು ಮೊದಲು ದಾಖಲಾಗಿರಬೇಕು. ತಾಳಗುಂದದ ಕಂಬದಲ್ಲಿ ವಂಶಾವಳಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ‘ಉಲ್ಲೇಖ’ ಮಾಡುತ್ತದೆ.

ಈ ಮಾತನ್ನು ತಳ್ಳಿಹಾಕಲಾಗದು. ಪರಿಹಾರ ಇರುವುದು ಅದನ್ನು ಕೆಳಗೆ ಸರಿಸುವುದರಲ್ಲಿ. ಕಾಗದದಲ್ಲಿ ಉಲ್ಲೇಖ ಮೇಲಿದ್ದರೂ ಕೆಳಗಿದ್ದರೂ ಒಂದೇ ಹಾಳೆಯಲ್ಲಿ ಕಣ್ಣಿಗೆ ಬೀಳುತ್ತದೆ. ಫೋನಿನಲ್ಲಿ ಅದು ಮೊದಲ ಪರದೆಯನ್ನೇ ನುಂಗುತ್ತದೆ. ಸಹಿಯ ಕೆಳಗೆ ‘ಆಧಾರ’ ಎಂದು ಆದೇಶದ ಸಂಖ್ಯೆ, ದಿನಾಂಕ ಕೊಟ್ಟರೆ ದಾಖಲೆಗೆ ಕೊರತೆಯಿಲ್ಲ. ಸಹಿ ಮೊಹರಿನ ಪತ್ರ ಬೇಕೇ ಬೇಕೆಂದರೆ ಅದನ್ನು ಲಗತ್ತಾಗಿ ಕಳಿಸಲಿ, ಸಾರಾಂಶ ಮಾತ್ರ ಮೇಲಿನ ಒಡಲಿನಲ್ಲಿರಲಿ.

ಒಂದು ಪತ್ರ, ಎರಡು ಕಟ್ಟಣೆ

ಹವಾಮಾನ ಆಧಾರಿತ ಬೆಳೆ ವಿಮೆಯ ಬಗ್ಗೆ ಒಂದು ಸಹಕಾರ ಸಂಘ ತನ್ನ ಸದಸ್ಯರಿಗೆ ಮೇಲ್ ಮಾಡುತ್ತದೆ ಎಂದುಕೊಳ್ಳೋಣ. ದಿನಾಂಕ, ವೇಳೆ ಉದಾಹರಣೆಗೆಂದು ನಾನೇ ಇಟ್ಟದ್ದು. ರೂಢಿಯ ಕಟ್ಟಣೆ ಹೀಗಿರುತ್ತದೆ:

> ವಿಷಯ: ಮುಂಗಾರು ಹಂಗಾಮಿನ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯಡಿ ಅಡಿಕೆ ಬೆಳೆಗೆ ನೋಂದಣಿ ಮಾಡಿಸುವ ಕುರಿತು.
>
> ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸರ್ಕಾರದ ಉಲ್ಲೇಖಿತ ಆದೇಶದನ್ವಯ ನಮ್ಮ ಸಂಘದ ವ್ಯಾಪ್ತಿಯ ಅಡಿಕೆ ಬೆಳೆಗಾರರು ವಿಮಾ ಯೋಜನೆಗೆ ಒಳಪಡಲು ಅವಕಾಶ ಕಲ್ಪಿಸಲಾಗಿದ್ದು, ಆಸಕ್ತ ಸದಸ್ಯರು ಅಗತ್ಯ ದಾಖಲೆಗಳೊಂದಿಗೆ ಕಚೇರಿ ವೇಳೆಯಲ್ಲಿ ಹಾಜರಾಗಿ ದಿನಾಂಕ ಜುಲೈ 31ರೊಳಗಾಗಿ ವಿಮಾ ಕಂತನ್ನು ಪಾವತಿಸಿ ಯೋಜನೆಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಈ ಮೂಲಕ ಕೋರಲಾಗಿದೆ.

ಪಟ್ಟಿಯಲ್ಲಿ ಮಗಳಿಗೆ ಕಾಣುವುದು ‘ಮುಂಗಾರು ಹಂಗಾಮಿನ ಹವಾಮಾನ ಆಧಾ…’ ಎಂಬಲ್ಲಿಗೆ. ಅಡಿಕೆ ಎಂಬ ಪದವೇ ಕಾಣುವುದಿಲ್ಲ. ತೆರೆದರೆ ಒಂದೇ ವಾಕ್ಯ, ಕೊನೆಯ ದಿನಾಂಕ ಅದರ ಹೊಟ್ಟೆಯೊಳಗೆ. ದಾಖಲೆ ಯಾವುವೆಂದು ಇಲ್ಲವೇ ಇಲ್ಲ. ಅವಳು ಅಪ್ಪನಿಗೆ ಏನು ಹೇಳಬಹುದು? ‘ವಿಮೆ ಬಗ್ಗೆ ಏನೋ ಬಂದಿದೆ, ಸಂಘದಲ್ಲಿ ಕೇಳಿ ನೋಡಿ ಅಪ್ಪಾ’ ಎನ್ನಬಹುದು. ಪತ್ರ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಗೊತ್ತಿಲ್ಲ. ಓದಿದವಳು ಫೋನಿನಲ್ಲಿ ಒಂದೇ ಉಸಿರಿಗೆ ಹೇಳಬಲ್ಲಳೇ?

ಬದಲಾಯಿಸಿದ ಕಟ್ಟಣೆ:

> ವಿಷಯ: ಅಡಿಕೆ ವಿಮೆ: ಜುಲೈ 31 ಕೊನೆ ದಿನ
>
> ನಮಸ್ಕಾರ. ಅಡಿಕೆ ಬೆಳೆ ವಿಮೆಯ ಕಂತು ಕಟ್ಟಲು ಜುಲೈ 31 ಕೊನೆಯ ದಿನ. ಸಂಘದ ಕಚೇರಿಗೆ ಬೆಳಗ್ಗೆ 10ರಿಂದ ಸಂಜೆ 5ರೊಳಗೆ ಬನ್ನಿ.
>
> ಬರುವಾಗ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ನಕಲು ತನ್ನಿ.
>
> ಸಂಘದಲ್ಲಿ ಬೆಳೆಸಾಲ ಇರುವವರು ಬರಬೇಕಾಗಿಲ್ಲ. ಕಂತನ್ನು ಸಾಲದ ಖಾತೆಯಿಂದಲೇ ತೆಗೆದುಕೊಳ್ಳುತ್ತೇವೆ. ವಿಮೆ ಬೇಡವಾದರೆ ಜುಲೈ 24ರೊಳಗೆ ಬರೆದುಕೊಡಿ.

ಇಷ್ಟು ಮಾಡಿದ ಮೇಲೆ ‘ಮುಖ್ಯ ಮಾತು ಮೊದಲು’ ಎಂಬ ನಿಯಮದ ಒಳಗಿನ ತೊಡಕು ಮೇಲೆ ಬರುತ್ತದೆ. ಬೆಳೆ ವಿಮೆ 2020ರ ಮುಂಗಾರಿನಿಂದ ಸಾಲಗಾರರಿಗೂ ಐಚ್ಛಿಕ. ಆದರೆ ಬೇಡವೆನ್ನುವವರು ಕೊನೆಯ ದಿನಕ್ಕೆ ಏಳು ದಿನ ಮೊದಲೇ ಲಿಖಿತವಾಗಿ ತಿಳಿಸಬೇಕು, ಇಲ್ಲದಿದ್ದರೆ ಕಂತು ಕಡಿತವಾಗುತ್ತದೆ. ಅಂದರೆ ಸಾಲ ಇಲ್ಲದವರಿಗೆ ಮುಖ್ಯವಾದ ದಿನ ಜುಲೈ 31, ಸಾಲ ಇದ್ದು ವಿಮೆ ಬೇಡದವರಿಗೆ ಜುಲೈ 24. ವಿಷಯದ ಸಾಲು ಮೊದಲನೆಯವರಿಗೆ ಸತ್ಯ ಹೇಳಿ ಎರಡನೆಯವರನ್ನು ದಾರಿ ತಪ್ಪಿಸುತ್ತದೆ. ಇನ್ನೂ ಒಂದು ವಾರ ಇದೆ ಎಂದುಕೊಂಡವರು ಮೂರನೇ ಪ್ಯಾರಾಕ್ಕೆ ಹೋಗದೇ ಫೋನ್ ಜೇಬಿಗಿಟ್ಟರೆ ದುಡ್ಡು ಹೋಯಿತು. ಹಳೆಯ ಉದ್ದದ ಪತ್ರದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ, ಆದರೆ ಗೊತ್ತಾಯಿತೆಂಬ ಭ್ರಮೆಯೂ ಹುಟ್ಟುತ್ತಿರಲಿಲ್ಲ. ತೀರ್ಮಾನ ಮೊದಲು ಎನ್ನುವವರು ಈ ಅಪಾಯದ ಬಗ್ಗೆ ಸಾಕಷ್ಟು ಮಾತಾಡುವುದಿಲ್ಲ.

ಇಲ್ಲಿ ಸರಿಯಾದ ದಾರಿ ಎರಡು ಪತ್ರ ಕಳಿಸುವುದು. ಸಾಲದ ಪಟ್ಟಿ ಸಂಘದಲ್ಲೇ ಇರುವುದರಿಂದ ಸದಸ್ಯರನ್ನು ಬೇರ್ಪಡಿಸುವುದು ಕಷ್ಟವಲ್ಲ. ಅದು ಆಗದಿದ್ದರೆ ಮೊದಲ ಪ್ಯಾರಾದಲ್ಲೇ ಎರಡು ಸಾಲು: ಸಾಲ ಇಲ್ಲದವರಿಗೆ ಇಷ್ಟು, ಸಾಲ ಇರುವವರಿಗೆ ಇಷ್ಟು. ವಿಷಯದ ಸಾಲಿನಲ್ಲಿ ಎರಡು ದಿನಾಂಕಗಳಲ್ಲಿ ಮುಂಚಿನದು ಬರಲಿ.

ಕ್ರಿಯಾಪದ ಕೊನೆಗೆ ಬರುವ ಭಾಷೆ

ಇಂಗ್ಲಿಷಿನ ಕೈಪಿಡಿಗಳು ಹೇಳದ, ಹೇಳಬೇಕಾದ ಅಗತ್ಯವೂ ಇಲ್ಲದ ಒಂದು ಸಂಗತಿ ನಮಗಿದೆ. ಕನ್ನಡ ವಾಕ್ಯದಲ್ಲಿ ಆಯಿತೋ ಇಲ್ಲವೋ ಎಂಬುದು ಕೊನೆಯ ಪದದಲ್ಲಿರುತ್ತದೆ. ‘ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ಪಹಣಿಯಲ್ಲಿ ಬೆಳೆಯ ಕಾಲಂ ಖಾಲಿ ಇರುವುದು ಕಂಡುಬಂದಿರುವುದರಿಂದ, ತಾವು ಕೋರಿರುವ ಮೊತ್ತವನ್ನು ಮಂಜೂರು ಮಾಡಲು’ ಎಂಬಲ್ಲಿಯವರೆಗೆ ಓದಿದವರಿಗೆ ಮುಂದೆ ‘ತೀರ್ಮಾನಿಸಲಾಗಿದೆ’ ಬರುತ್ತದೋ ‘ಸಾಧ್ಯವಾಗುವುದಿಲ್ಲ’ ಬರುತ್ತದೋ ಗೊತ್ತಿಲ್ಲ. ಇಂಥ ವಾಕ್ಯವನ್ನು ಪತ್ರದ ಮೊದಲಿಗೆ ಇಟ್ಟರೂ ತೀರ್ಮಾನ ಮೊದಲಿಗೆ ಬರಲಿಲ್ಲ. ಹಾಗಾಗಿ ಕನ್ನಡದಲ್ಲಿ ಪ್ಯಾರಾಗಳ ಕ್ರಮ ಬದಲಾಯಿಸಿದರೆ ಕೆಲಸ ಮುಗಿಯುವುದಿಲ್ಲ, ಮೊದಲ ವಾಕ್ಯವನ್ನೇ ಗಿಡ್ಡ ಮಾಡಬೇಕು. ‘ನಿಮ್ಮ ಅರ್ಜಿ ಮಂಜೂರಾಗಿಲ್ಲ. ಪಹಣಿಯಲ್ಲಿ ಬೆಳೆಯ ಕಾಲಂ ಖಾಲಿ ಇದೆ. ಅದನ್ನು ತಿದ್ದಿಸಿಕೊಂಡು ಮತ್ತೆ ಅರ್ಜಿ ಕೊಡಿ.’ ಮೊದಲ ವಾಕ್ಯ ಐದಾರು ಪದ ದಾಟದಿದ್ದರೆ ಕೊನೆಯ ಪದವೂ ಮೊದಲ ಸಾಲಿನ ಆಸುಪಾಸಿನಲ್ಲೇ ಬೀಳುತ್ತದೆ.

ವಿಷಯದ ಸಾಲಿನಲ್ಲಂತೂ ಕ್ರಿಯಾಪದಕ್ಕೆ ಜಾಗ ಸಿಗುವುದೇ ಅನುಮಾನ. ಅಲ್ಲಿ ಪತ್ರಿಕೆಯ ಶೀರ್ಷಿಕೆಯವರು ಮಾಡುವಂತೆ ಎರಡು ಚುಕ್ಕೆ ಇಟ್ಟು ‘ಸಾಲದ ಅರ್ಜಿ: ಮಂಜೂರಾಗಿಲ್ಲ’ ಎಂದು ಬರೆಯುವುದು ಒಂದು ದಾರಿ. ಇದನ್ನು ಒಪ್ಪದ ಬರಹಗಾರರಿದ್ದಾರೆ. ಇಂಥ ತುಂಡು ಮಾತು ಕನ್ನಡದ ಜಾಯಮಾನವಲ್ಲ, ಕೃತ್ಪ್ರತ್ಯಯಗಳಿಂದ ಹೆಣೆದ ಉದ್ದ ವಾಕ್ಯವೇ ನಮ್ಮ ಗದ್ಯದ ಸೊಗಸು ಎನ್ನುತ್ತಾರೆ. ಸೊಗಸು ನಿಜ. ಆದರೆ ಮನೆಯ ಮಾತನ್ನು ಕಿವಿಗೊಟ್ಟು ಕೇಳಿದರೆ ಇನ್ನೊಂದು ಜಾಯಮಾನವೂ ಕೇಳಿಸುತ್ತದೆ. ‘ಬಂತು ಮಳೆ’, ‘ಸಿಕ್ತು ಸೀಟು’, ‘ಆಗಲ್ವಂತೆ ಅದು, ಪಹಣಿ ಸರಿ ಇಲ್ವಂತೆ’. ಅವಸರವಿದ್ದಾಗ ನಮ್ಮ ಆಡುಮಾತು ಕ್ರಿಯಾಪದವನ್ನು ಎತ್ತಿ ಮುಂದಕ್ಕೆ ತರುತ್ತದೆ, ಕರ್ತೃ, ಕಾರಣಗಳು ಹಿಂದೆ ಬರುತ್ತವೆ. ಮಗಳು ಅಪ್ಪನಿಗೆ ಫೋನಿನಲ್ಲಿ ಹೇಳುವುದೂ ಇದೇ ಕ್ರಮದಲ್ಲಿ. ತೀರ್ಮಾನ ಮೊದಲು ಹೇಳುವುದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ನಮ್ಮ ಬರಹ ಅದನ್ನು ಆಡುಮಾತಿನಿಂದ ತೆಗೆದುಕೊಳ್ಳಲು ಇನ್ನೂ ಹಿಂಜರಿಯುತ್ತಿದೆ.

ಚಿಕ್ಕ ಪ್ಯಾರಾಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ವಾಕ್ಯಕ್ಕೊಂದು ಪ್ಯಾರಾ ಮಾಡಿದರೆ ‘ಆದರೆ’, ‘ಹಾಗಾಗಿ’ ಎಂಬ ಕೊಂಡಿಗಳು ಕಳಚುತ್ತವೆ. ಯಾವ ಷರತ್ತು ಯಾವುದಕ್ಕೆ ಅನ್ವಯ ಎಂಬುದು ಹೋಗುತ್ತದೆ. ಮೇಲಿನ ಪತ್ರದಲ್ಲಿ ‘ಬೇಡವಾದರೆ ಜುಲೈ 24ರೊಳಗೆ ಬರೆದುಕೊಡಿ’ ಎಂಬುದನ್ನು ಬೇರೆ ಪ್ಯಾರಾ ಮಾಡಿದ್ದರೆ ಅದು ಎಲ್ಲರಿಗೂ ಹೇಳಿದಂತೆ ಕೇಳುತ್ತಿತ್ತು. ಒಬ್ಬರು ಒಂದು ಸಲಕ್ಕೆ ಮಾಡಬೇಕಾದ ಕೆಲಸ ಮತ್ತು ಅದರ ಷರತ್ತು ಒಂದೇ ಪ್ಯಾರಾದಲ್ಲಿರಬೇಕು. ಎರಡು ಮೂರು ವಾಕ್ಯ, 20–25 ಪದ. ಪರದೆಯ ಮೇಲೆ ಅದು ಐದಾರು ಸಾಲು.

ಇನ್ನೂ ಇತ್ಯರ್ಥವಾಗದ್ದು

ಮೇಲೆ ಹೇಳಿದ ಉದ್ದದ ಪ್ರಯೋಗವೂ ಮೆತ್ತನೆಯ ಆರಂಭದ ಪ್ರಯೋಗವೂ ಅಮೆರಿಕದ ಇಂಗ್ಲಿಷ್ ಓದುಗರ ಮೇಲೆ ನಡೆದವು. 49 ಪದ ಎಂಬ ಅಳತೆ ಕನ್ನಡಕ್ಕೆ ಹೊಂದದು. ಪ್ರತ್ಯಯಗಳು ಪದಕ್ಕೇ ಅಂಟುವುದರಿಂದ ನಮ್ಮಲ್ಲಿ ಅದೇ ಮಾತಿಗೆ ಪದಗಳು ಕಡಿಮೆ, ಪ್ರತಿ ಪದವೂ ಉದ್ದ. ಕನ್ನಡದ ಮೇಲಿಗೆ ಪದವನ್ನು ಎಣಿಸಬೇಕೋ, ಸಾಲನ್ನೋ, ವಾಕ್ಯವನ್ನೋ ಎಂಬುದೇ ತೀರ್ಮಾನವಾಗಬೇಕಿದೆ.

ನಿರಾಕರಣೆಯ ಪತ್ರದ ಪ್ರಶ್ನೆಯೂ ತೆರೆದೇ ಇದೆ. ಲಾಕರ್ ಅವರ ವಿದ್ಯಾರ್ಥಿಗಳು ತಮಗೆ ಬಂದ ‘ಇಲ್ಲ’ವನ್ನು ತಾವೇ ಓದಿದರು. ಇಲ್ಲಿ ಒಬ್ಬರ ‘ಇಲ್ಲ’ವನ್ನು ಇನ್ನೊಬ್ಬರು ಓದಿ ಹೇಳುತ್ತಾರೆ. ಮೊದಲ ಸಾಲಿನಲ್ಲಿ ಖಡಕ್ಕಾಗಿ ಬಂದದ್ದನ್ನು ಮಗಳು ಹಾಗೆಯೇ ದಾಟಿಸುತ್ತಾಳೋ, ಮೆತ್ತಗೆ ಮಾಡುತ್ತಾಳೋ, ಮೆತ್ತಗೆ ಮಾಡುವಾಗ ‘ತಿದ್ದಿಸಿಕೊಂಡು ಮತ್ತೆ ಕೊಡಿ’ ಎಂಬುದು ಉಳಿಯುತ್ತದೋ ಬಿಟ್ಟುಹೋಗುತ್ತದೋ? ಓದಿ ಹೇಳುವವರನ್ನು ಗಣನೆಗೆ ತೆಗೆದುಕೊಂಡ ಪತ್ರಲೇಖನದ ನಿಯಮ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೊನೆಯದಾಗಿ, ಭಿನ್ನ ಓದುಗರಿಗೆ ಭಿನ್ನವಾದ ಮುಖ್ಯ ಮಾತಿರುವಾಗ ಒಂದೇ ಪತ್ರದ ಮೊದಲ ಸಾಲು ಯಾರದು? ಸಂಘಕ್ಕೆ ಎರಡು ಪತ್ರ ಕಳಿಸಲು ಸಾಧ್ಯ. ಒಂದೇ ಸುತ್ತೋಲೆಯನ್ನು ತಾಲ್ಲೂಕಿನ ಎಲ್ಲ ಶಾಲೆಗಳಿಗೆ, ಎಲ್ಲ ಪಂಚಾಯಿತಿಗಳಿಗೆ ಕಳಿಸುವ ಕಚೇರಿಗೆ ಅಷ್ಟು ಸುಲಭವಲ್ಲ. ಅಲ್ಲಿ ಹೆಚ್ಚು ಮಂದಿಗೆ ಅನ್ವಯಿಸುವ ಮಾತನ್ನು ಮೊದಲಿಡಬೇಕೋ, ತಪ್ಪಿದರೆ ಹೆಚ್ಚು ನಷ್ಟವಾಗುವವರ ಮಾತನ್ನೋ? ನನ್ನ ಒಲವು ಎರಡನೆಯದರ ಕಡೆಗಿದೆ, ಆದರೆ ಹಾಗೆ ಮಾಡಿದರೆ ಉಳಿದ ಬಹುಪಾಲು ಓದುಗರು ಇದು ನಮಗಲ್ಲವೆಂದು ಪತ್ರ ಮುಚ್ಚಿಬಿಡುವ ಸಾಧ್ಯತೆಗೆ ನನ್ನಲ್ಲಿ ಉತ್ತರವಿಲ್ಲ.